ಡ್ರೋನ್ ಶೂಟ್‌ಗೆ ಹೊರಡುವ ಮುನ್ನ ಯಾವುದನ್ನು ಯಾವಾಗ ನೋಡಬೇಕು?

ಬೆಳಿಗ್ಗೆ ಆರೂವರೆಗೆ ಲಕ್ಕುಂಡಿ ಹತ್ತಿರದ ಹೊಲದಲ್ಲಿ ಪ್ರೀ-ವೆಡ್ಡಿಂಗ್ ಶೂಟ್. ಸಂಜೆ ಅದೇ ಜೋಡಿಗೆ ಹುಬ್ಬಳ್ಳಿಯ ಉಣಕಲ್ ಕೆರೆ ಮೇಲಿಂದ ಒಂದೆರಡು ಶಾಟ್. ಹೀಗೊಂದು ಆರ್ಡರ್ ಬಂದರೆ ತಯಾರಿ ಎಲ್ಲಿಂದ ಶುರು ಮಾಡಬೇಕು?

ಅನುಮತಿಯಿಂದ. ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆಯೇ ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಎರಡೂ ಜಾಗ ಹುಡುಕಿ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಬೇರೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದಲ್ಲಿದ್ದರೆ ಆ ಮಿತಿ 200 ಅಡಿಗೆ ಇಳಿಯುತ್ತದೆ. ಲಕ್ಕುಂಡಿಗೆ ಹತ್ತಿರದಲ್ಲಿ ವಿಮಾನ ನಿಲ್ದಾಣ ಇಲ್ಲ. ಉಣಕಲ್ ಹಾಗಲ್ಲ. ಗೋಕುಲ ರಸ್ತೆಯ ನಿಲ್ದಾಣ ಅಲ್ಲಿಂದ 8 ಕಿ.ಮೀ. ಒಳಗೇ ಇದೆ. ಅನುಮತಿ ಕೈಗೆ ಬರದೆ ಅಲ್ಲಿ ಡ್ರೋನ್ ಎತ್ತುವಂತಿಲ್ಲ. ಸಿಗದಿದ್ದರೆ ಸಂಜೆಯ ಶಾಟನ್ನು ಬೇರೆ ಕಡೆ ಇಟ್ಟುಕೊಳ್ಳಿ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ.

ನಕ್ಷೆ ಹಸಿರಿದ್ದರೂ ಕೆಲಸ ಮುಗಿಯಲಿಲ್ಲ. ಹೊಲದ ಮೇಲೆ ಹಾರಿಸುವುದು ಬೇರೆ, ಕಾಶಿವಿಶ್ವೇಶ್ವರ ಗುಡಿಯ ಶಿಖರದ ಸುತ್ತ ಸುತ್ತಿಸುವುದು ಬೇರೆ. ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ವ ಸರ್ವೇಕ್ಷಣದ ಅನುಮತಿ ಬೇಕು. ಅದರ ವಲಯ ಕಚೇರಿ ಧಾರವಾಡದಲ್ಲೇ ಇದೆ. ಕಪ್ಪತಗುಡ್ಡ ವನ್ಯಜೀವಿಧಾಮ, ಅಲ್ಲಿಗೆ ಅರಣ್ಯ ಇಲಾಖೆಯನ್ನು ಕೇಳಬೇಕು. ನಿಮ್ಮ ಡ್ರೋನ್ 250 ಗ್ರಾಂ ದಾಟಿದ್ದು, ನೀವು ದುಡ್ಡು ತೆಗೆದುಕೊಂಡು ಹಾರಿಸುತ್ತಿದ್ದರೆ ಪೈಲಟ್ ಪ್ರಮಾಣಪತ್ರವೂ ಜೊತೆಗಿರಲಿ.

ಹೊರಡುವ ದಿನ ಬೆಳಿಗ್ಗೆ ನಕ್ಷೆಯನ್ನು ಇನ್ನೊಮ್ಮೆ ತೆರೆಯಿರಿ. ಗಣ್ಯರು ಬರುವುದಿದ್ದರೆ, ಗಲಾಟೆಯ ಭಯವಿದ್ದರೆ ಒಂದು ಜಾಗವನ್ನು ಒಮ್ಮೆಗೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡುವ ಅಧಿಕಾರ ಸರ್ಕಾರಕ್ಕೂ ಪೊಲೀಸರಿಗೂ ಇದೆ. ನಿನ್ನೆ ಹಸಿರಿದ್ದದ್ದು ಇವತ್ತೂ ಹಸಿರಿರಬೇಕು ಅಂತೇನಿಲ್ಲ.

ಇನ್ನು ಬ್ಯಾಟರಿ. ಶೂಟ್‌ನ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ. ಕೆಲವು ಬ್ಯಾಟರಿಗಳು ನಾಲ್ಕಾರು ದಿನ ಸುಮ್ನೆ ಇಟ್ಟರೆ ತಾವೇ ಚಾರ್ಜ್ ಇಳಿಸಿಕೊಳ್ಳುತ್ತವೆ. ಚಾರ್ಜಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿ ನೋಡಿ. ಹೊಸದರಲ್ಲಿ ನೆಟ್ಟಗೆ ಕೂರುತ್ತಿದ್ದದ್ದು ಈಗ ಅಲುಗಾಡಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅದನ್ನು ಮತ್ತೆ ಬಳಸಲೇಬೇಡಿ.

ಶೇಕಡಾ ನೂರು ಎಂಬ ಅಂಕಿಯನ್ನು ನಾನು ನಂಬುವುದಿಲ್ಲ. ಆ್ಯಪಿನಲ್ಲಿ ಒಂದೊಂದು ಸೆಲ್ಲಿನ ವೋಲ್ಟೇಜ್ ನೋಡುತ್ತೇನೆ. ನೆಲದ ಮೇಲಿದ್ದಾಗ ಎಲ್ಲ ಸೆಲ್ ಸಮ ಕಾಣುತ್ತವೆ, ಸೋತ ಸೆಲ್ ಬಯಲಾಗುವುದು ಭಾರ ಬಿದ್ದಾಗ. ಅದಕ್ಕೆ ಡ್ರೋನನ್ನು ತಲೆಗಿಂತ ಸ್ವಲ್ಪ ಎತ್ತರದಲ್ಲಿ ಒಂದು ನಿಮಿಷ ನಿಲ್ಲಿಸಿ ನೋಡಿ. ಒಂದು ಸೆಲ್ ಉಳಿದವಕ್ಕಿಂತ 0.1 ವೋಲ್ಟ್ ಕೆಳಗಿದ್ದರೆ ಇಳಿಸಿ, ಆ ಬ್ಯಾಟರಿ ಪಕ್ಕಕ್ಕಿಡಿ.

ಎಷ್ಟು ಬ್ಯಾಟರಿ ಬೇಕು ಎಂಬುದನ್ನು ಗದಗಿನ ಗಾಳಿಯೂ ತೀರ್ಮಾನಿಸುತ್ತದೆ. ಸುತ್ತ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಂತಿಲ್ಲ, ಅಲ್ವಾ? ಗಂಟೆಗೆ 40 ಕಿ.ಮೀ. ಹಾರುವ ಡ್ರೋನ್, ಎದುರು 25 ಕಿ.ಮೀ. ಗಾಳಿ ಬಂದರೆ ನೆಲದ ಲೆಕ್ಕದಲ್ಲಿ 15 ಕಿ.ಮೀ. ಮಾತ್ರ ಸಾಗುತ್ತದೆ. ಒಂದು ಕಿ.ಮೀ. ವಾಪಸ್ ಬರಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಹೋಗುವಾಗಲೇ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಲಿ. 30 ನಿಮಿಷ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಕೆಲಸಕ್ಕೆ ಸಿಗುವುದು 18 ನಿಮಿಷ ಎಂದಿಟ್ಟುಕೊಳ್ಳಿ. ಬೆಳಗಿನ ಶೂಟಿಗೆ ಮೂರು, ಸಂಜೆಗೆ ಒಂದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬ್ಯಾಟರಿ ಬಿಡಬೇಡಿ. ಹಾರಿ ಬಿಸಿಯಾದದ್ದನ್ನು ತಣ್ಣಗಾದ ಮೇಲೆಯೇ ಚಾರ್ಜಿಗೆ ಹಾಕಿ.

ಪ್ರೊಪೆಲ್ಲರನ್ನು ಕಣ್ಣಿಗಿಂತ ಉಗುರಿನಿಂದ ಪರೀಕ್ಷಿಸುವುದು ಒಳ್ಳೆಯದು. ಗಾಳಿ ಸೀಳುವ ಅಂಚಿನ ಮೇಲೆ ಉಗುರು ಎಳೆದಾಗ ಎಲ್ಲಿಯಾದರೂ ಸಿಕ್ಕಿಕೊಂಡರೆ ಅಲ್ಲಿ ಕಚ್ಚು ಬಿದ್ದಿದೆ. ನಮ್ಮ ಕಡೆ ಇದು ಜಾಸ್ತಿ ಆಗುವುದು ಜೋಳದ ಕೂಳೆ ನಿಂತ ಎರೆ ಹೊಲದಲ್ಲಿ ನೇರವಾಗಿ ಇಳಿಸಿದಾಗ. ಒಂದು ಮಡಚುವ ಪ್ಯಾಡ್ ಹಾಸಿಕೊಂಡರೆ ಸಾಕು. ಒಂದು ಎಲೆ ಹೋಗಿದ್ದರೂ ಆ ಮೋಟರಿನ ಎರಡೂ ಎಲೆ ಬದಲಿಸಿ, ಇಲ್ಲದಿದ್ದರೆ ತೂಕ ತಪ್ಪಿ ವಿಡಿಯೊ ಜೆಲ್ಲಿಯಂತೆ ನಡುಗುತ್ತದೆ. ಮೋಟರಿನ ಗುರುತಿಗೂ ಎಲೆಯ ಗುರುತಿಗೂ ಹೊಂದಾಣಿಕೆ ಇರಬೇಕು, ಎರಡು ಮೋಟರ್ ಒಂದು ಕಡೆ ತಿರುಗಿದರೆ ಇನ್ನೆರಡು ಅದರ ಉಲ್ಟಾ ತಿರುಗುತ್ತವೆ. ಒಂದು ಪೂರ್ತಿ ಸೆಟ್, ಹೊಸ ಸ್ಕ್ರೂ, ಸಣ್ಣ ಸ್ಕ್ರೂಡ್ರೈವರ್ ಬ್ಯಾಗಿನಲ್ಲಿರಲಿ.

ಕಾರ್ಡ್ ಲೆಕ್ಕ ಸುಲಭ. ಡ್ರೋನ್ ಸೆಕೆಂಡಿಗೆ 100 ಮೆಗಾಬಿಟ್ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ 750 ಎಂಬಿ ಆಗುತ್ತದೆ. 18 ನಿಮಿಷದ ಒಂದು ಬ್ಯಾಟರಿಗೆ ಸುಮಾರು 13.5 ಜಿಬಿ, ನಾಲ್ಕಕ್ಕೆ 54 ಜಿಬಿ. ಒಂದು 64 ಜಿಬಿ ಕಾರ್ಡಿನಲ್ಲೇ ಹಿಡಿಯುತ್ತದೆ. ಆದರೂ ನಾನು ಬೆಳಿಗ್ಗೆಗೊಂದು, ಸಂಜೆಗೊಂದು ಕಾರ್ಡ್ ಇಡುತ್ತೇನೆ. ಸಂಜೆ ಡ್ರೋನ್ ಕೆರೆಗೆ ಬಿದ್ದರೂ ಬೆಳಗಿನ ಶೂಟ್ ಉಳಿಯುತ್ತದೆ. ಕಾರ್ಡಿನ ಮೇಲೆ V30 ಎಂದಿರಲಿ, ನಿಧಾನದ ಕಾರ್ಡಿನಲ್ಲಿ ರೆಕಾರ್ಡಿಂಗ್ ಮಧ್ಯೆಯೇ ನಿಂತುಬಿಡಬಹುದು. ಫಾರ್ಮ್ಯಾಟನ್ನು ಕಂಪ್ಯೂಟರಿನಲ್ಲಿ ಬೇಡ, ಡ್ರೋನಿನಲ್ಲೇ ಮಾಡಿ. ಆಮೇಲೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆಡಿಸಿ ನೋಡಿ. ತುಂಬಿದ ಕಾರ್ಡ್ ಬೇರೆ ಡಬ್ಬಿಗೆ ಹೋಗಲಿ. ಎರಡು ಕಡೆ ಕಾಪಿ ಆಗುವ ತನಕ ಅದು ಖಾಲಿ ಕಾರ್ಡುಗಳ ಜೊತೆ ಸೇರಬಾರದು.