ವ್ಯಾಪಾರ ಅಷ್ಟೇ, ಲಾಭ ಮಾತ್ರ ಬೇರೆ: ಸವಕಳಿ ಪಾಠವನ್ನು ನಾನು ಮಾಡುವ ರೀತಿ

ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ಸವಕಳಿ ಪಾಠ, ಅಂದರೆ ಯಂತ್ರದಂಥ ಆಸ್ತಿಯ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಹಂಚಿ ಖರ್ಚು ಹಾಕುವುದು, ಕಷ್ಟದ್ದೇನಲ್ಲ. ಎರಡು ಸೂತ್ರ, ಒಂದಿಷ್ಟು ಲೆಡ್ಜರ್ ಖಾತೆ, ಮುಗೀತು. ಮಕ್ಕಳು ಲೆಕ್ಕ ಸರಿಯಾಗಿಯೇ ಮಾಡುತ್ತಾರೆ. ಆದರೆ ‘ವಿಧಾನ ಬದಲಾದರೆ ಲಾಭ ಏನಾಗುತ್ತೆ?’ ಅಂತ ಕೇಳಿದರೆ ತರಗತಿ ಗಪ್‌ಚಿಪ್. ಅದಕ್ಕೇ ನಾನು ಈ ಪಾಠಕ್ಕೆ ಒಂದೇ ಒಂದು ಯಂತ್ರ ಇಟ್ಟುಕೊಂಡಿದ್ದೇನೆ. ಬೇರೆ ಬೇರೆ ಲೆಕ್ಕ ಕೊಡುವ ಬದಲು ಅದೇ ಯಂತ್ರವನ್ನು ಕೊನೆಯವರೆಗೂ ಎಳೆಯುತ್ತೇನೆ.

ಕಾಲೇಜು ರಸ್ತೆಯ ಒಂದು ಜೆರಾಕ್ಸ್ ಅಂಗಡಿ ಅಂತ ಇಟ್ಟುಕೊಳ್ಳಿ. ಮಾಲೀಕರು ಒಂದು ದೊಡ್ಡ ಕಲರ್ ಪ್ರಿಂಟಿಂಗ್ ಯಂತ್ರ ತಂದರು. ಬಿಲ್ಲಿನ ಬೆಲೆ 6,00,000 ರೂಪಾಯಿ. ಸಾಗಣೆ, ಅಳವಡಿಕೆ ಸೇರಿ ಇನ್ನೊಂದು 25,000. ಅದೂ ಯಂತ್ರದ ಬೆಲೆಗೇ ಸೇರುತ್ತದೆ. ಯಂತ್ರ ಕೆಲಸಕ್ಕೆ ನಿಲ್ಲುವವರೆಗೆ ಆದ ಖರ್ಚೆಲ್ಲ ಯಂತ್ರದ್ದೇ. ಹಾಗಾಗಿ ಅಸಲು 6,25,000. ನಾಲ್ಕು ವರ್ಷ ಬಾಳಿಕೆ. ಆಮೇಲೆ ಮಾರಿದರೆ 81,000 ಬರಬಹುದು ಅಂತ ಅಂದಾಜು. ಅಂದರೆ ನಾಲ್ಕು ವರ್ಷದಲ್ಲಿ ಸವೆಯುವುದು 5,44,000.

ಸಮಾನ ಕಂತಿನ ವಿಧಾನದಲ್ಲಿ ಇದನ್ನು ನಾಲ್ಕರಿಂದ ಭಾಗಿಸಿದರೆ ಆಯಿತು, ವರ್ಷಕ್ಕೆ 1,36,000. ಇಳಿಕೆ ಬಾಕಿ ವಿಧಾನಕ್ಕೆ, ಅಂದರೆ ಎಲ್ಲರೂ ಡಬ್ಲ್ಯೂಡಿವಿ ಅನ್ನುವುದಕ್ಕೆ, ಮೊದಲು ದರ ಬೇಕು. ಪರೀಕ್ಷೆಯಲ್ಲಿ ದರ ಕೊಟ್ಟುಬಿಡುತ್ತಾರೆ, ಹಾಗಾಗಿ ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾನು ಸಾದಾ ಕ್ಯಾಲ್ಕುಲೇಟರ್‌ನಲ್ಲೇ ತೋರಿಸುತ್ತೇನೆ. 81,000 ಅನ್ನು 6,25,000ದಿಂದ ಭಾಗಿಸಿ, 0.1296 ಬರುತ್ತದೆ. ವರ್ಗಮೂಲದ ಗುಂಡಿ ಒಮ್ಮೆ ಒತ್ತಿದರೆ 0.36. ಇನ್ನೊಮ್ಮೆ ಒತ್ತಿದರೆ 0.6. ನಾಲ್ಕು ವರ್ಷಕ್ಕೆ ನಾಲ್ಕನೇ ಮೂಲ, ಅದಕ್ಕೇ ಎರಡು ಸಲ. ಅಂದರೆ ಪ್ರತಿ ವರ್ಷ ಯಂತ್ರದ ಆ ವರ್ಷದ ಆರಂಭದ ಬೆಲೆಯಲ್ಲಿ ಶೇ 60 ಉಳಿಯಬೇಕು, ಶೇ 40 ಹೋಗಬೇಕು. ದರ 40.

ಈಗ ಅಂಗಡಿಯ ಗಳಿಕೆ. ಕಾಗದ, ಟೋನರ್, ಬಾಡಿಗೆ, ಸಂಬಳ ಎಲ್ಲ ಕಳೆದು, ಸವಕಳಿಗೆ ಮುಂಚೆ, ಪ್ರತಿ ವರ್ಷವೂ 4,00,000 ಉಳಿಯುತ್ತದೆ ಅನ್ನುತ್ತೇನೆ. ಬೇಕೆಂದೇ ನಾಲ್ಕೂ ವರ್ಷ ಒಂದೇ ಅಂಕಿ ಇಡುತ್ತೇನೆ. ವ್ಯಾಪಾರ ಬದಲಾಗದಿದ್ದರೆ ಮಾತ್ರ ಬದಲಾವಣೆ ಎಲ್ಲಿಂದ ಬಂತು ಅಂತ ಕಾಣುತ್ತದೆ. ಬೋರ್ಡಿನ ಮೇಲೆ ಇಷ್ಟು ಬರೆಯುತ್ತೇನೆ:

| ವರ್ಷ | ಸಮಾನ ಕಂತು: ಸವಕಳಿ | ಲಾಭ | ಡಬ್ಲ್ಯೂಡಿವಿ: ಸವಕಳಿ | ಲಾಭ |
|---|---|---|---|---|
| 1 | 1,36,000 | 2,64,000 | 2,50,000 | 1,50,000 |
| 2 | 1,36,000 | 2,64,000 | 1,50,000 | 2,50,000 |
| 3 | 1,36,000 | 2,64,000 | 90,000 | 3,10,000 |
| 4 | 1,36,000 | 2,64,000 | 54,000 | 3,46,000 |
| ಒಟ್ಟು | 5,44,000 | 10,56,000 | 5,44,000 | 10,56,000 |

ಕೊನೆಯ ಸಾಲನ್ನು ಮೊದಲು ಮುಚ್ಚಿಟ್ಟು, ಬಲಗಡೆಯ ಲಾಭದ ಕಾಲಂ ಮಾತ್ರ ಓದಿಸುತ್ತೇನೆ. ಒಂದೂವರೆ ಲಕ್ಷ, ಎರಡೂವರೆ, ಮೂರು ಹತ್ತು, ಮೂರು ನಲವತ್ತಾರು. ‘ಅಂಗಡಿ ಹೇಗೆ ನಡೀತಿದೆ?’ ಅಂದರೆ ‘ಸೂಪರ್ ಮೇಡಂ, ಡಬಲ್‌ಗಿಂತ ಜಾಸ್ತಿ ಆಗಿದೆ’ ಅನ್ನುತ್ತಾರೆ. ಅಂಗಡಿಗೆ ಒಬ್ಬ ಗಿರಾಕಿಯೂ ಹೆಚ್ಚಿಗೆ ಬಂದಿಲ್ಲ, ಅಲ್ವಾ? ಬೆಳೆದಂತೆ ಕಾಣುವುದೆಲ್ಲ ಸವಕಳಿ ಕರಗಿದ್ದರಿಂದ ಬಂದದ್ದು. ಎಡಗಡೆಯ ಕಾಲಂ ನೋಡಿದರೆ ಅದೇ ಅಂಗಡಿ ನಿಂತ ನೀರು.

ಆಮೇಲೆ ಒಟ್ಟು ಸಾಲು ತೆರೆಯುತ್ತೇನೆ. ಎರಡೂ ಕಡೆ 10,56,000. ಸವಕಳಿಯ ವಿಧಾನ ಲಾಭವನ್ನು ಹುಟ್ಟಿಸುವುದೂ ಇಲ್ಲ, ನುಂಗುವುದೂ ಇಲ್ಲ. ಯಾವ ವರ್ಷದ ತಲೆಗೆ ಎಷ್ಟು ಕಟ್ಟಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ.

ಇಲ್ಲಿ ಸಾಮಾನ್ಯವಾಗಿ ಹಿಂದಿನ ಬೆಂಚಿನಿಂದ ಒಂದು ಒಳ್ಳೆ ಪ್ರಶ್ನೆ ಬರುತ್ತದೆ: ‘ಹಾಗಾದ್ರೆ ಮೊದಲನೇ ವರ್ಷ ಮಾಲೀಕರ ಕೈಗೆ ದುಡ್ಡು ಕಮ್ಮಿ ಬಂತಾ ಮೇಡಂ?’ ಇಲ್ಲ. ಜರ್ನಲ್ ಎಂಟ್ರಿ ನೋಡಿ ಅನ್ನುತ್ತೇನೆ. ಸವಕಳಿ ಖಾತೆ ಡೆಬಿಟ್, ಯಂತ್ರದ ಖಾತೆ ಕ್ರೆಡಿಟ್. ಎಲ್ಲೂ ಬ್ಯಾಂಕ್ ಇಲ್ಲ, ನಗದು ಇಲ್ಲ. ಎರಡು ವಿಧಾನದಲ್ಲೂ ಗಲ್ಲಾದಲ್ಲಿ ಉಳಿದದ್ದು ನಾಲ್ಕು ಲಕ್ಷವೇ. ವ್ಯತ್ಯಾಸ ಬರುವುದು ಮಾಲೀಕರು ತೋರಿದ ಲಾಭವನ್ನೆಲ್ಲ ಮನೆಗೆ ಒಯ್ದಾಗ. ಡಬ್ಲ್ಯೂಡಿವಿಯಲ್ಲಿ ಮೊದಲ ವರ್ಷ ಅವರು ಒಂದೂವರೆ ಲಕ್ಷ ಒಯ್ಯುತ್ತಾರೆ, ಎರಡೂವರೆ ಲಕ್ಷ ಅಂಗಡಿಯಲ್ಲೇ ಉಳಿಯುತ್ತದೆ. ಸಮಾನ ಕಂತಿನಲ್ಲಿ 2,64,000 ಒಯ್ಯುತ್ತಾರೆ. ಹೊಸ ಯಂತ್ರಕ್ಕೆ ಅಂತ ದುಡ್ಡು ಎಲ್ಲೋ ಡಬ್ಬಿಯಲ್ಲಿ ಕೂತಿರುತ್ತದೆ ಅಂತ ಮಾತ್ರ ತಿಳಿಯಬಾರದು. ಒಯ್ಯದೆ ಉಳಿದ ದುಡ್ಡು ಸ್ಟಾಕ್ ಆಗಿರಬಹುದು, ಸಾಲಕ್ಕೆ ಕಟ್ಟಿರಬಹುದು, ಬಾಕಿ ಕೊಡದ ಗಿರಾಕಿಗಳ ಬಳಿ ಇರಬಹುದು.

ನನಗೆ ಈ ಪಾಠದಲ್ಲಿ ಅತಿ ಇಷ್ಟವಾದ ಭಾಗ ಯಂತ್ರ ಮಾರುವುದು. ಎರಡನೇ ವರ್ಷದ ಕೊನೆಗೆ ಮಾಲೀಕರು ಯಂತ್ರವನ್ನು 3,00,000ಕ್ಕೆ ಮಾರಿಬಿಟ್ಟರು ಅನ್ನಿ. ಸಮಾನ ಕಂತಿನಲ್ಲಿ ಆ ಹೊತ್ತಿಗೆ ಪುಸ್ತಕದ ಬೆಲೆ, ಅಂದರೆ ಸವಕಳಿ ಕಳೆದು ಉಳಿದದ್ದು, 3,53,000. ಹಾಗಾಗಿ 53,000 ನಷ್ಟ. ಡಬ್ಲ್ಯೂಡಿವಿಯಲ್ಲಿ ಪುಸ್ತಕದ ಬೆಲೆ 2,25,000. ಹಾಗಾಗಿ 75,000 ಲಾಭ. ಅದೇ ಯಂತ್ರ, ಅದೇ ಗಿರಾಕಿ, ಅದೇ ಮೂರು ಲಕ್ಷ. ಒಂದು ಪುಸ್ತಕದಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ. ತರಗತಿಯಲ್ಲಿ ಒಂದು ಕ್ಷಣ ಗೊಂದಲ.

ಈಗ ಎರಡು ವರ್ಷದ ಲಾಭ ಕೂಡಿ ನೋಡೋಣ. ಸಮಾನ ಕಂತು: 2,64,000 ಎರಡು ಸಲ, ಅಂದರೆ 5,28,000. ಅದರಲ್ಲಿ ನಷ್ಟ 53,000 ಕಳೆದರೆ 4,75,000. ಡಬ್ಲ್ಯೂಡಿವಿ: 1,50,000 ಮತ್ತು 2,50,000 ಸೇರಿ 4,00,000. ಅದಕ್ಕೆ 75,000 ಕೂಡಿದರೆ 4,75,000. ಎರಡೂ ಒಂದೇ. ಮಾರಾಟದ ಲಾಭ-ನಷ್ಟ ಅನ್ನುವುದು ಹೆಚ್ಚಿನ ಸಲ ವ್ಯಾಪಾರದ ಜಾಣತನವೂ ಅಲ್ಲ, ದಡ್ಡತನವೂ ಅಲ್ಲ. ಹಿಂದಿನ ವರ್ಷಗಳಲ್ಲಿ ಹಾಕಿದ ಸವಕಳಿ ಕಮ್ಮಿಯಾಗಿತ್ತು ಅಥವಾ ಜಾಸ್ತಿಯಾಗಿತ್ತು ಅಂತ ಈಗ ಸರಿಮಾಡಿಕೊಳ್ಳುವುದು. ಯಾವುದಾದರೂ ಲೆಕ್ಕಪತ್ರದಲ್ಲಿ ‘ಯಂತ್ರ ಮಾರಿದ ಲಾಭ’ ಅಂತ ದೊಡ್ಡ ಮೊತ್ತ ಕಂಡರೆ ನಾನು ಮೊದಲು ನೋಡುವುದು ಸವಕಳಿಯ ದರವನ್ನು.

ಲೆಕ್ಕದಲ್ಲಿ ತಪ್ಪು ಎಲ್ಲಿ ಆಗುತ್ತದೆ ಅಂದರೆ, ಡಬ್ಲ್ಯೂಡಿವಿಯಲ್ಲೂ ಗುಜರಿ ಬೆಲೆ ಕಳೆಯುವುದರಲ್ಲಿ. ಕೆಲವರು 5,44,000ಕ್ಕೆ ಶೇ 40 ಹಾಕಿ 2,17,600 ಬರೆಯುತ್ತಾರೆ. ದರ ಕಂಡುಹಿಡಿಯುವಾಗಲೇ 81,000 ಒಳಗೆ ಬಂದಾಗಿದೆ, ಮತ್ತೆ ಕಳೆಯುವಂತಿಲ್ಲ. ಮೊದಲ ವರ್ಷ ಶೇ 40 ಬೀಳಬೇಕಾದದ್ದು ಪೂರ್ತಿ 6,25,000ದ ಮೇಲೆ. ಇದನ್ನು ಹಿಡಿಯುವುದು ಸುಲಭ. ನಾಲ್ಕನೇ ವರ್ಷದ ಕೊನೆಯ ಬಾಕಿ ನೋಡಿ. 6,25,000, 3,75,000, 2,25,000, 1,35,000, 81,000 ಅಂತ ಇಳಿದು ಸರಿಯಾಗಿ ಗುಜರಿ ಬೆಲೆಗೇ ಬಂದು ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ಮೇಲೆ ಎಲ್ಲೋ ತಪ್ಪಿದೆ.

ಡಬ್ಲ್ಯೂಡಿವಿಯ ಪರವಾಗಿ ಗೈಡುಗಳು ಹೇಳುವ ಒಂದು ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ವರ್ಷ ಕಳೆದಂತೆ ರಿಪೇರಿ ಏರುತ್ತದೆ, ಸವಕಳಿ ಇಳಿಯುತ್ತದೆ, ಹಾಗಾಗಿ ಎರಡರ ಮೊತ್ತ ಸಮ ಆಗುತ್ತದೆ ಅನ್ನುತ್ತಾರೆ. ನಮ್ಮ ಯಂತ್ರದಲ್ಲಿ ಸವಕಳಿ 2,50,000ದಿಂದ 54,000ಕ್ಕೆ ಇಳಿಯಿತು. ಸಮ ಆಗಬೇಕಾದರೆ ರಿಪೇರಿ ಖರ್ಚು 1,96,000 ಏರಬೇಕು! ಅಷ್ಟು ರಿಪೇರಿ ಬರುವ ಯಂತ್ರವನ್ನು ಯಾರು ಇಟ್ಟುಕೊಳ್ಳುತ್ತಾರೆ? ದಿಕ್ಕು ಸರಿ, ಅಳತೆ ಸರಿಯಿಲ್ಲ. ಯಂತ್ರ ಮೊದಲ ವರ್ಷಗಳಲ್ಲೇ ಜಾಸ್ತಿ ದುಡಿದು ಬೇಗ ಹಳತಾಗುವುದಾದರೆ ಡಬ್ಲ್ಯೂಡಿವಿ ಹಾಕಿ. ಕಟ್ಟಡ, ಪೀಠೋಪಕರಣದಂತೆ ಪ್ರತಿ ವರ್ಷ ಒಂದೇ ಸಮ ಉಪಯೋಗಕ್ಕೆ ಬರುವುದಾದರೆ ಸಮಾನ ಕಂತು ಹಾಕಿ. ಇದು ಸಾಕಷ್ಟು ಒಳ್ಳೆ ಕಾರಣ.

ಜೆರಾಕ್ಸ್ ಯಂತ್ರಕ್ಕೆ ನಿಜವಾಗಿ ಹೊಂದುವುದು ಮೂರನೆಯದು, ಉತ್ಪಾದನೆಯ ಲೆಕ್ಕದ ವಿಧಾನ. ಯಂತ್ರದಲ್ಲೇ ಪ್ರತಿ ಎಣಿಸುವ ಮೀಟರ್ ಇರುತ್ತದೆ. ಬಾಳಿಕೆಯಲ್ಲಿ 13,60,000 ಪ್ರತಿ ಅಂತ ಅಂದಾಜಿದ್ದರೆ ಒಂದು ಪ್ರತಿಗೆ 40 ಪೈಸೆ ಸವಕಳಿ. ಮೂರು ಲಕ್ಷ ಪ್ರತಿ ತೆಗೆದ ವರ್ಷ 1,20,000. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದ ತಿಂಗಳುಗಳಿಗೆ ಸೊನ್ನೆ. ಸಮಾನ ಕಂತು ಹಾಕಿದವರಿಗೆ ಆ ತಿಂಗಳುಗಳಲ್ಲೂ ಸವಕಳಿ ನಿಲ್ಲಲಿಲ್ಲ, ಗಳಿಕೆಯಿಲ್ಲದೆ ನಷ್ಟ ಇನ್ನಷ್ಟು ಆಳವಾಗಿ ಕಂಡಿತು.

ಮಾಲೀಕರಿಗೆ ಮನಸ್ಸು ಬಂದಾಗ ವಿಧಾನ ಬದಲಿಸಬಹುದಾ? ಕಾರಣ ಇದ್ದರೆ ಬದಲಿಸಬಹುದು, ಹೇಗೆ ಅನ್ನುವುದೇ ಮುಖ್ಯ. ಈ ಜಾಗದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವವರು ಎಡವುತ್ತಾರೆ. ಸವಕಳಿಗಿದ್ದ ಹಳೆಯ ಲೆಕ್ಕಪತ್ರ ಮಾನದಂಡ ಎಎಸ್ 6 ಪ್ರಕಾರ, ಯಂತ್ರ ಬಂದ ದಿನದಿಂದಲೇ ಹೊಸ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಬೇಕಿತ್ತು. ವ್ಯತ್ಯಾಸವನ್ನು ಬದಲಿಸಿದ ವರ್ಷದ ಲಾಭ-ನಷ್ಟ ಖಾತೆಗೆ ಹಾಕಬೇಕಿತ್ತು. ನಮ್ಮ ಅಂಗಡಿ ಎರಡು ವರ್ಷ ಡಬ್ಲ್ಯೂಡಿವಿ ಹಾಕಿ ಮೂರನೇ ವರ್ಷ ಸಮಾನ ಕಂತಿಗೆ ಬಂದಿತು ಅನ್ನಿ. ಎರಡೂ ಪುಸ್ತಕದ ಬೆಲೆಗಳ ವ್ಯತ್ಯಾಸ 1,28,000. ಅದು ಒಮ್ಮೆಲೇ ಲಾಭಕ್ಕೆ ಸೇರಿ ಆ ವರ್ಷದ ಲಾಭ 2,64,000 ಹೋಗಿ 3,92,000 ಆಗುತ್ತಿತ್ತು. 2016ರಲ್ಲಿ ಪರಿಷ್ಕೃತ ಎಎಸ್ 10 ಬಂದ ಮೇಲೆ ಆ ದಾರಿ ಮುಚ್ಚಿದೆ. ಈಗ ವಿಧಾನ ಬದಲಿಸುವುದನ್ನು ಅಂದಾಜಿನ ಬದಲಾವಣೆ ಅಂತ ನೋಡುತ್ತಾರೆ. ಹಿಂದಿನದನ್ನು ಕೆದಕುವಂತಿಲ್ಲ. ಉಳಿದ 2,25,000ದಲ್ಲಿ 81,000 ಕಳೆದು, 1,44,000ವನ್ನು ಉಳಿದ ಎರಡು ವರ್ಷಕ್ಕೆ ಹಂಚಬೇಕು. ವರ್ಷಕ್ಕೆ 72,000 ಸವಕಳಿ, 3,28,000 ಲಾಭ.

ಪುಸ್ತಕದ ಈ ಲೆಕ್ಕ ಬೇರೆ, ಆದಾಯ ತೆರಿಗೆಯ ಲೆಕ್ಕ ಬೇರೆ ಅಂತಲೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ವಿಧಾನ ಬದಲಿಸಿ ತೆರಿಗೆ ಉಳಿಸಬಹುದು ಅಂದುಕೊಳ್ಳುತ್ತಾರೆ. ತೆರಿಗೆಗೆ ಸಾಮಾನ್ಯ ವ್ಯಾಪಾರಿಗಳು ನಿಗದಿಯಾದ ದರದಲ್ಲಿ ಡಬ್ಲ್ಯೂಡಿವಿಯೇ ಹಾಕಬೇಕು, ಪುಸ್ತಕದಲ್ಲಿ ಏನೇ ಇರಲಿ. ಅಲ್ಲಿ ಭಾಗಶಃ ವರ್ಷದ ನಿಯಮವೂ ಬೇರೆ. ಯಂತ್ರ ಬಳಕೆಗೆ ಬಂದ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಅರ್ಧ ದರ, ಇಲ್ಲದಿದ್ದರೆ ಪೂರ್ತಿ ದರ. ಫೆಬ್ರವರಿಗೆ 28 ದಿನ ಇರುವ ವರ್ಷದಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ. ಹಾಗಾಗಿ ಅಕ್ಟೋಬರ್ 1ಕ್ಕೆ ಯಂತ್ರ ಚಾಲೂ ಮಾಡಿದರೆ ತೆರಿಗೆಗೆ ಪೂರ್ತಿ ವರ್ಷದ ಸವಕಳಿ ಸಿಗುತ್ತದೆ, ಪುಸ್ತಕದಲ್ಲಿ ಆರು ತಿಂಗಳದ್ದು ಮಾತ್ರ. ಅದೇ ಅಕ್ಟೋಬರ್ 4ಕ್ಕೆ ಚಾಲೂ ಮಾಡಿದರೆ 179 ದಿನ, ತೆರಿಗೆಯಲ್ಲೂ ಅರ್ಧವೇ. ಸೆಪ್ಟೆಂಬರ್ ಕೊನೆಯಲ್ಲಿ ಅಕೌಂಟೆಂಟ್‌ಗಳು ‘ಯಂತ್ರ ಬಂತಾ, ಚಾಲೂ ಆಯ್ತಾ?’ ಅಂತ ಫೋನ್ ಮೇಲೆ ಫೋನ್ ಮಾಡುವುದು ಸುಮ್ನೆ ಅಲ್ಲ.