ಮಗಳ ಜಿಪಿಎಯನ್ನು ನಾವೇ ಲೆಕ್ಕ ಹಾಕಿದ್ದು

ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ ಇಷ್ಟು ಅಂತ ಒಂದೇ ನಂಬರ್ ಹೇಳಿ ಬೆಳೆದವರು ನಾವು. ಇಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಒಂದೇ ಮಗುವಿಗೆ ಎರಡು ಮೂರು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಇರುತ್ತವೆ. ಮಗಳು ಹನ್ನೊಂದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವಳ ಟ್ರಾನ್ಸ್‌ಕ್ರಿಪ್ಟ್ ಪ್ರಿಂಟ್ ಮಾಡಿಕೊಂಡು, ಇಬ್ಬರೂ ಕೂತು, ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಲೆಕ್ಕ ಹಾಕುವ ರೀತಿಯಲ್ಲೇ ಹಾಕಿದೆವು.

ಮೊದಲು ಬೇಡದ್ದನ್ನು ಹೊಡೆದು ಹಾಕಬೇಕು. ಒಂಬತ್ತನೇ ಕ್ಲಾಸಿನ ಗ್ರೇಡು ಯುಸಿ ಜಿಪಿಎಗೆ ಸೇರುವುದಿಲ್ಲ. ಪಿಇ ಸೇರುವುದಿಲ್ಲ. ಎ-ಜಿ ಅಂತ ಅವರು ಒಪ್ಪಿರುವ ಕೋರ್ಸುಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಪ್ಲಸ್ ಮೈನಸ್ ಕೂಡ ಇಲ್ಲ. ಎ ಮೈನಸ್ಸೂ 4, ಎ ಪ್ಲಸ್ಸೂ 4. ಹೀಗೆ ಹೊಡೆದ ಮೇಲೆ ಹತ್ತು ಮತ್ತು ಹನ್ನೊಂದನೇ ಕ್ಲಾಸಿನದು ಸೇರಿ 24 ಸೆಮಿಸ್ಟರ್ ಗ್ರೇಡು ಉಳಿದವು: 20 ಎ, 4 ಬಿ. ಬಿ ಬಂದಿದ್ದು ಪ್ರೀಕ್ಯಾಲ್ಕುಲಸ್‌ನಲ್ಲಿ ಎರಡು, ಕಾಲೇಜು ಮಟ್ಟದ್ದು ಅನ್ನುವ ಎಪಿ ಫಿಸಿಕ್ಸ್‌ನಲ್ಲಿ ಎರಡು.

ಅನ್‌ವೇಯ್ಟೆಡ್ ಲೆಕ್ಕ, ಅಂದರೆ ಹೆಚ್ಚುವರಿ ಪಾಯಿಂಟ್ ಸೇರಿಸದ ಲೆಕ್ಕ, ಸುಲಭ. ಎಗೆ 4, ಬಿಗೆ 3. ಒಟ್ಟು 92, ಅದನ್ನು 24ರಿಂದ ಭಾಗಿಸಿದರೆ 3.83.

ಇನ್ನು ಆನರ್ಸ್ ಪಾಯಿಂಟ್. ಎಪಿ ಅಥವಾ ಯುಸಿ ಒಪ್ಪಿದ ಆನರ್ಸ್ ಕೋರ್ಸಿನಲ್ಲಿ ಸಿ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡು ಬಂದರೆ, ಸೆಮಿಸ್ಟರಿಗೆ ಒಂದು ಪಾಯಿಂಟ್ ಜಾಸ್ತಿ. "ಒಪ್ಪಿದ" ಅನ್ನುವುದನ್ನು ಗಮನಿಸಿ. ಶಾಲೆ ಆನರ್ಸ್ ಅಂತ ಹೆಸರಿಟ್ಟ ಮಾತ್ರಕ್ಕೆ ಪಾಯಿಂಟ್ ಸಿಗುವುದಿಲ್ಲ. ಎ-ಜಿ ಕೋರ್ಸ್ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರು ಹಾಕಿ, ಒಂದೊಂದೇ ಕೋರ್ಸು ನೋಡಿಕೊಂಡೆವು. ಮಗಳಿಗೆ ಅಂಥ ಸೆಮಿಸ್ಟರು 12 ಇದ್ದವು: ಹತ್ತರಲ್ಲಿ 4, ಹನ್ನೊಂದರಲ್ಲಿ 8. ಎಲ್ಲದಕ್ಕೂ ಪಾಯಿಂಟ್ ಕೊಟ್ಟರೆ ಒಟ್ಟು 104, ಜಿಪಿಎ 4.33. ಇದು ಪೂರ್ತಿ ವೇಯ್ಟೆಡ್ ಲೆಕ್ಕ. ಆದರೆ ಯುಸಿಯ ಕ್ಯಾಪ್ಡ್, ಅಂದರೆ ಮಿತಿ ಹಾಕಿದ, ಲೆಕ್ಕದಲ್ಲಿ ಎರಡೂ ವರ್ಷ ಸೇರಿ 8 ಸೆಮಿಸ್ಟರಿಗೆ ಮಾತ್ರ ಪಾಯಿಂಟ್, ಅದರಲ್ಲೂ ಹತ್ತನೇ ಕ್ಲಾಸಿನಿಂದ 4ಕ್ಕಿಂತ ಹೆಚ್ಚು ಬರುವಂತಿಲ್ಲ. ಆಗ ಒಟ್ಟು 100, ಜಿಪಿಎ ಸುಮಾರು 4.17.

ಇಷ್ಟಾದ ಮೇಲೆ ಮಗಳು ಅವಳ ಮನಸ್ಸಿನಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಕೇಳಿದಳು. "ಅಮ್ಮ, ಆರ್ಕೆಸ್ಟ್ರಾ ಬಿಟ್ಬಿಡ್ಲಾ? ಅದು ಜಿಪಿಎ ಇಳಿಸುತ್ತೆ ಅಂತಾರೆ ಎಲ್ಲರೂ." ನಾಲ್ಕೂ ಸೆಮಿಸ್ಟರು ಎ ತೆಗೆದ ಕ್ಲಾಸು ಅದು. ಇಳಿಸುತ್ತಾ ನೋಡೋಣ ಅಂತ ಅದನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆವು. ಪೂರ್ತಿ ವೇಯ್ಟೆಡ್ ಲೆಕ್ಕದಲ್ಲಿ 104ರಿಂದ 16 ಕಳೆದರೆ 88. 20ರಿಂದ ಭಾಗಿಸಿದರೆ 4.40. ಹೌದು, ಆರ್ಕೆಸ್ಟ್ರಾ ಇದ್ದಿದ್ದಕ್ಕೆ 4.33ಕ್ಕೆ ಇಳಿದಿತ್ತು. ಅದೇ ಅನ್‌ವೇಯ್ಟೆಡ್‌ನಲ್ಲಿ ಆರ್ಕೆಸ್ಟ್ರಾ ಇಲ್ಲದೆ 3.80, ಇದ್ದರೆ 3.83. ಅದೇ ಕ್ಲಾಸು, ಅದೇ ಎ, ಒಂದು ಕಡೆ ಏರಿಸುತ್ತೆ, ಇನ್ನೊಂದು ಕಡೆ ಇಳಿಸುತ್ತೆ. ಕಾರಣ ಸರಳ: ಸರಾಸರಿ 4 ದಾಟಿದ ಮೇಲೆ ಆನರ್ಸ್ ಇಲ್ಲದ ಕ್ಲಾಸಿನ 4 ಆ ಸರಾಸರಿಗಿಂತ ಕಮ್ಮಿ. ಹದಿನಾರು ವರ್ಷದ ಮಗುವನ್ನು ವಯೊಲಿನ್ ಬಿಡುವ ಯೋಚನೆಗೆ ತಳ್ಳುವ ಲೆಕ್ಕ ನನಗಂತೂ ಸರಿ ಕಾಣಲಿಲ್ಲ. ಅದೂ ಅಲ್ಲದೆ ಹನ್ನೆರಡನೇ ಕ್ಲಾಸಿನ ಗ್ರೇಡು ಯುಸಿ ಜಿಪಿಎಗೆ ಸೇರುವುದೇ ಇಲ್ಲ. ಏನು ಓದುತ್ತಿದ್ದಾಳೆ ಅಂತ ನೋಡುತ್ತಾರೆ, ಅಷ್ಟೆ. ಅವಳು ಬಿಡಲಿಲ್ಲ.

ಇನ್ನೊಂದು ಮಾತು ನಮ್ಮವರ ಬಾಯಲ್ಲಿ ಓಡಾಡುತ್ತದೆ: ಎಪಿಯಲ್ಲಿ ಬಿ ಬಂದರೂ ಮಾಮೂಲಿ ಕ್ಲಾಸಿನ ಎಗೆ ಸಮ. ಇದು ಕ್ಯಾಪ್ ತುಂಬುವ ತನಕ ಮಾತ್ರ ನಿಜ. ಮಗಳು ಎಪಿ ಫಿಸಿಕ್ಸ್ ಬದಲು ಮಾಮೂಲಿ ಫಿಸಿಕ್ಸ್ ತಗೊಂಡು ಎರಡು ಎ ತೆಗೆದಿದ್ದರೆ? ಪೂರ್ತಿ ವೇಯ್ಟೆಡ್ ಆಗಲೂ 4.33. ಕ್ಯಾಪ್ಡ್ ಮಾತ್ರ 4.25ಕ್ಕೆ ಏರುತ್ತಿತ್ತು, ಯಾಕಂದ್ರೆ ಉಳಿದ 10 ಸೆಮಿಸ್ಟರಿನಿಂದಲೇ ಎಂಟು ಪಾಯಿಂಟ್ ಭರ್ತಿಯಾಗಿತ್ತು. ಹಾಗಂತ ಎಪಿ ತಗೊಂಡಿದ್ದು ವ್ಯರ್ಥ ಅಂತ ನಾನು ಒಪ್ಪುವುದಿಲ್ಲ. ಎಷ್ಟು ಕಷ್ಟದ ಕೋರ್ಸು ಓದಿದ್ದಾಳೆ ಅನ್ನುವುದನ್ನೂ ಯುಸಿಯವರು ನೋಡುತ್ತಾರೆ.

ಅರ್ಜಿ ತುಂಬುವಾಗ ಈ ನಂಬರುಗಳನ್ನು ಯುಸಿಗೆ ಬರೆಯಬೇಕಾಗಿಲ್ಲ. ಕೋರ್ಸು, ಗ್ರೇಡು ಹಾಕಿದರೆ ಸಾಕು, ಲೆಕ್ಕ ಅವರದು. ಬೇರೆ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಮಾತ್ರ ಜಿಪಿಎ, ಅದರ ಸ್ಕೇಲು, ವೇಯ್ಟೆಡ್ ಹೌದೋ ಅಲ್ಲವೋ ಅಂತ ಕೇಳುತ್ತಾರೆ. ಅಲ್ಲಿ ನಾವು ಮನೆಯಲ್ಲಿ ಹಾಕಿದ್ದನ್ನು ಬರೆಯದೆ, ಶಾಲೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅಚ್ಚಾಗಿದ್ದನ್ನೇ ಬರೆದೆವು. ಕೌನ್ಸೆಲರ್ ಕಳಿಸುವ ಕಾಗದದಲ್ಲೂ ಅದೇ ಇರುತ್ತದಲ್ವಾ.