ಓಡದೆ ಆಡುವ ಫುಟ್‌ಬಾಲ್, ನೋಡದೆ ಆಡುವ ಫುಟ್‌ಬಾಲ್

ಮುಂಬಯಿಯ ಮಾಟುಂಗದಲ್ಲಿ ರೈಲು ಹಳಿಗೆ ತಾಗಿದಂತಿರುವ, ಕೃತಕ ಹುಲ್ಲು ಹಾಸಿದ ಒಂದು ಟರ್ಫ್‌ನಲ್ಲಿ ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಹನ್ನೆರಡು ಮಂದಿ ಸೇರುತ್ತೇವೆ. ಹೆಚ್ಚಿನವರು ಅರವತ್ತು ದಾಟಿದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು, ರಜೆ ಸಿಕ್ಕಿದ ದಿನ ಕ್ರಾಸ್ ಮೈದಾನದಲ್ಲಿ ಬರಿಗಾಲಿನಲ್ಲಿ ಚೆಂಡು ಒದ್ದವರು ಇವರಲ್ಲಿದ್ದಾರೆ. ಈಗ ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ಗ್ಲಾಕೋಮಾದಿಂದ ದೃಷ್ಟಿಯೇ ಹೋಗಿದೆ. ಆದರೂ ಎಲ್ಲರೂ ಆಡುತ್ತಾರೆ. ನಿಮ್ಮ ಬಡಾವಣೆಯಲ್ಲಿಯೂ ಇಂಥದೊಂದು ಗುಂಪು ಕಟ್ಟಬೇಕೆಂದಿದ್ದರೆ ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಡವುತ್ತೀರಿ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾವು ಆಡುವ ನಡಿಗೆ ಫುಟ್‌ಬಾಲ್ 2011ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ರೂಪುಗೊಂಡ ಆಟ. ವಯಸ್ಸಾಯಿತೆಂದು ಮೈದಾನ ಬಿಟ್ಟವರನ್ನು ಮರಳಿ ಕರೆತರುವುದೇ ಅದರ ಉದ್ದೇಶವಾಗಿತ್ತು. ಅದರ ಮೂಲ ನಿಯಮ ಒಂದೇ: ಯಾವ ಕ್ಷಣದಲ್ಲಿಯೂ ಒಂದು ಪಾದ ನೆಲಕ್ಕೆ ತಾಗಿರಬೇಕು. ಎರಡೂ ಪಾದಗಳು ಗಾಳಿಯಲ್ಲಿದ್ದರೆ ಅದು ಓಟ, ಚೆಂಡು ಎದುರಾಳಿಗಳಿಗೆ ಹೋಗುತ್ತದೆ. ತಲೆಯಿಂದ ಹೊಡೆಯುವಂತಿಲ್ಲ, ಜಾರಿ ಬಿದ್ದು ಚೆಂಡು ಕಸಿಯುವಂತಿಲ್ಲ, ಮೈಗೆ ಮೈ ತಾಗಿಸಿ ತಳ್ಳುವಂತಿಲ್ಲ. ಚೆಂಡು ತಲೆಯ ಎತ್ತರ ಮೀರಿದರೆ ಆಟ ನಿಲ್ಲುತ್ತದೆ. ಗೆರೆ ದಾಟಿದ ಚೆಂಡನ್ನು ಕೈಯಿಂದ ಎಸೆಯದೆ ಕಾಲಿನಿಂದಲೇ ಒಳಗೆ ತರಬೇಕು. ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಇಷ್ಟನ್ನು ಬಿಡಬೇಡಿ.

ಮೊದಲು ಜಾಗ ಮತ್ತು ಸಲಕರಣೆ

ಐದೈದು ಅಥವಾ ಆರಾರು ಮಂದಿಗೆ ಮುಂಬಯಿಯ ಸಾಮಾನ್ಯ ಬಾಡಿಗೆ ಟರ್ಫ್ ಸಾಕು. ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಬಾಡಿಗೆ ಕಡಿಮೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಬಿಸಿಲೇರಿದ ಮೇಲೆ ಕೃತಕ ಹುಲ್ಲು ಮಣ್ಣಿನ ನೆಲಕ್ಕಿಂತ ಹೆಚ್ಚು ಕಾಯುತ್ತದೆ.

ಶೂ ವಿಷಯದಲ್ಲಿ ನಾನು ಹಟವಾದಿ. ಹುಲ್ಲಿನ ಮೈದಾನಕ್ಕೆಂದು ಮಾಡಿದ ಉದ್ದ ಮುಳ್ಳಿನ ಬೂಟು ಕೃತಕ ಹುಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ. ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಆ ತಿರುಚನ್ನು ಮಂಡಿ ತಿನ್ನಬೇಕಾಗುತ್ತದೆ. ಅಡಿಯಲ್ಲಿ ಚಿಕ್ಕ ರಬ್ಬರ್ ಗುಬುಟುಗಳು ಒತ್ತಾಗಿರುವ ಟರ್ಫ್ ಶೂ ಕೊಳ್ಳಿ. ಮೊಣಕಾಲ ಕೆಳಗಿನ ಎಲುಬಿಗೆ ಗಾರ್ಡ್ ಕಟ್ಟಿಕೊಳ್ಳಿ. ಚೆಂಡು ಹೆಚ್ಚು ಪುಟಿಯದಂತಿರಲಿ. ಫುಟ್ಸಾಲ್ ಚೆಂಡು ಒಳ್ಳೆಯದು, ಸಿಗದಿದ್ದರೆ ಮಾಮೂಲಿ ಚೆಂಡಿನ ಗಾಳಿಯನ್ನು ಸ್ವಲ್ಪ ಇಳಿಸಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಟರ್ಫ್‌ನಲ್ಲಿ ಹರಡಿರುವ ಕಪ್ಪು ರಬ್ಬರ್ ಹರಳುಗಳು ಶೂ ಒಳಗೆ ಸೇರಿಕೊಳ್ಳುತ್ತವೆ. ಪಾದದ ಸ್ಪರ್ಶ ಮಂದವಾಗಿರುವವರಿಗೆ ಅವು ಚುಚ್ಚುವುದು ಗೊತ್ತಾಗುವುದಿಲ್ಲ, ಮನೆಗೆ ಹೋಗಿ ನೋಡುವಾಗ ಬೊಬ್ಬೆ ಎದ್ದಿರುತ್ತದೆ. ಹಾಗಾಗಿ ವಿರಾಮದಲ್ಲೊಮ್ಮೆ, ಆಟ ಮುಗಿದ ಮೇಲೊಮ್ಮೆ ಶೂ ಕಳಚಿ ಕೊಡವಿ, ಕಾಲುಚೀಲ ತಿರುವಿ, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಬರಬಾರದು, ಜೇಬಿನಲ್ಲಿ ಗ್ಲೂಕೋಸ್ ಇರಬೇಕು. ಆಟದ ನಡುವೆ ಕೈ ನಡುಗಿದರೆ, ಮೈ ತಣ್ಣಗೆ ಬೆವರಿದರೆ ಅದನ್ನು ಆಯಾಸವೆಂದು ತಳ್ಳಿಹಾಕಬೇಡಿ. ಹೃದಯದ ತೊಂದರೆ ಇದ್ದವರು, ಮಂಡಿ ಬದಲಿಸಿಕೊಂಡವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆ ಪಡೆದೇ ಬರಲಿ.

ಓಟವನ್ನು ಹಿಡಿಯುವುದು

ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಆಡುವವನಿಗೆ ತಾನು ಓಡಿದ್ದು ಗೊತ್ತೇ ಆಗುವುದಿಲ್ಲ. ಯೌವನದಲ್ಲಿ ಚೆನ್ನಾಗಿ ಆಡಿದವರೇ ಹೆಚ್ಚು ಓಡುತ್ತಾರೆ, ಏಕೆಂದರೆ ಚೆಂಡು ಪಕ್ಕದಲ್ಲಿ ಹಾದುಹೋದರೆ ಅವರ ಕಾಲು ಮನಸ್ಸನ್ನು ಕೇಳುವುದಿಲ್ಲ. ನಮ್ಮಲ್ಲೊಬ್ಬರು ಎಪ್ಪತ್ತರ ಹತ್ತಿರದವರು. ಎದುರಾಳಿ ಅವರ ಬೆನ್ನ ಹಿಂದಕ್ಕೆ ಚೆಂಡು ತಳ್ಳಿದಾಗಲೆಲ್ಲ ತಿರುಗಿ ಮೂರು ಹೆಜ್ಜೆ ಹಾರಿಬಿಡುತ್ತಿದ್ದರು. “ಅಣ್ಣಾ, ಓಡಿದಿರಿ” ಎಂದರೆ, “ಇಲ್ಲ ಮಾರಾಯರೇ, ಬೇಗ ನಡೆದೆ” ಎನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ತೋರಿಸಿದಾಗಲೇ ಅವರಿಗೆ ತಮ್ಮ ಎರಡೂ ಪಾದಗಳು ನೆಲ ಬಿಟ್ಟಿದ್ದು ಕಂಡದ್ದು.

ರೆಫರಿ ಪಾದವನ್ನೇ ನೋಡುತ್ತಾ ಕೂತರೆ ಹನ್ನೆರಡು ಜೋಡಿ ಕಾಲುಗಳ ನಡುವೆ ಕಳೆದುಹೋಗುತ್ತಾನೆ. ಹೆಗಲನ್ನು ನೋಡಬೇಕು. ನಡೆಯುವವನ ಹೆಗಲು ಒಂದೇ ಮಟ್ಟದಲ್ಲಿ ಸಾಗುತ್ತದೆ, ಓಡುವವನದು ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಹೆಗಲು ಕುಪ್ಪಳಿಸಿದ ಮೇಲೆ ಪಾದ ನೋಡಿ ಶಿಳ್ಳೆ ಊದಿದರೆ ತಪ್ಪು ತೀರ್ಪು ಕಡಿಮೆಯಾಗುತ್ತದೆ. ಒಬ್ಬನೇ ಮೂರು ಸಲ ಓಡಿದರೆ ನಮ್ಮಲ್ಲಿ ಎರಡು ನಿಮಿಷ ಹೊರಗೆ ಕೂರಬೇಕು. ಇದರಲ್ಲಿ ಸಡಿಲ ಬಿಡಬೇಡಿ. ಮೀನಖಂಡ ಹರಿಯುವುದು, ಹಿಮ್ಮಡಿಯ ನರ ಕೀಳುವುದು ಇಂಥ ದಿಢೀರ್ ಜಿಗಿತದಲ್ಲೇ. ಒಬ್ಬರು ಓಡಿದ್ದನ್ನು ಬಿಟ್ಟರೆ ಅವರನ್ನು ಹಿಡಿಯಲು ಇನ್ನೊಬ್ಬರು ಓಡುತ್ತಾರೆ, ಐದು ನಿಮಿಷದಲ್ಲಿ ಅದು ಹಳೆಯ ಫುಟ್‌ಬಾಲೇ ಆಗಿಬಿಡುತ್ತದೆ.

ಓಡುವ ಆಸೆಯನ್ನು ಕಡಿಮೆ ಮಾಡುವ ದಾರಿ ಪಾಸಿನಲ್ಲಿದೆ. ಮಾಮೂಲಿ ಆಟದಲ್ಲಿ ಖಾಲಿ ಜಾಗಕ್ಕೆ ಚೆಂಡು ಕಳಿಸುವುದು ಜಾಣತನ. ಇಲ್ಲಿ ಅದು ತಪ್ಪು, ಏಕೆಂದರೆ ನಡೆಯುವವನಿಗಿಂತ ಚೆಂಡು ಮುಂದೆ ಹೋಗಿಬಿಡುತ್ತದೆ. ಗೆಳೆಯನ ಪಾದಕ್ಕೆ, ಹೆಚ್ಚೆಂದರೆ ಒಂದು ಹೆಜ್ಜೆ ಮುಂದಕ್ಕೆ ಕೊಡಬೇಕು. ಪಂದ್ಯಕ್ಕೆ ಮೊದಲು ಮೂವರು ಐದು ಮೀಟರ್ ಅಂತರದಲ್ಲಿ ತ್ರಿಕೋನವಾಗಿ ನಿಂತು ಹತ್ತು ನಿಮಿಷ ಪಾಸು ಮಾಡಲಿ. ಕೊಟ್ಟವನು ಸುಮ್ಮನೆ ನಿಲ್ಲದೆ ಎರಡು ಹೆಜ್ಜೆ ಸರಿದು ಮತ್ತೆ ಚೆಂಡು ಕೇಳಲಿ. ಮೈ ಬೆಚ್ಚಗಾಗಲು ಇದೇ ಸಾಕು. ನಾವು ಎಂಟೆಂಟು ನಿಮಿಷದ ನಾಲ್ಕು ಸುತ್ತು ಆಡುತ್ತೇವೆ. ಆಡುತ್ತಲೇ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ಹೊರಗೆ ಬಂದು ಕೂರಿ.

ಬೆಳಗಿನ ವಾಯುವಿಹಾರದಲ್ಲಿ ಇಲ್ಲದ್ದು ಇದರಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ವಾಯುವಿಹಾರದಲ್ಲಿ ನೇರ ಹೋಗಿ ನೇರ ಬರುತ್ತೇವೆ. ಇಲ್ಲಿ ನಿಲ್ಲುತ್ತೇವೆ, ಹೊರಳುತ್ತೇವೆ, ಪಕ್ಕಕ್ಕೆ ಹೆಜ್ಜೆ ಇಡುತ್ತೇವೆ, ಒಂಟಿ ಕಾಲಿನ ಮೇಲೆ ನಿಂತು ಇನ್ನೊಂದರಿಂದ ಒದೆಯುತ್ತೇವೆ. ಬಸ್ಸಿನ ಮೆಟ್ಟಿಲಲ್ಲಿ, ಬಚ್ಚಲುಮನೆಯಲ್ಲಿ ಬೀಳದಿರಲು ಬೇಕಾದ ಸಮತೋಲನಕ್ಕೆ ಇದೇ ಅಭ್ಯಾಸ.

ಕಣ್ಣು ಕಟ್ಟಿ, ಕಿವಿ ತೆರೆದು

ಅಂಧರ ಫುಟ್‌ಬಾಲ್ ಬೇರೆಯೇ ಆಟ. ಅದನ್ನು ನಡಿಗೆ ಆಟದ ತಮ್ಮನೆಂದು ತಿಳಿಯಬೇಡಿ. 2004ರ ಅಥೆನ್ಸ್‌ನಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಈ ಆಟದಲ್ಲಿ ಆಟಗಾರರು ಓಡುತ್ತಾರೆ, ಡಿಕ್ಕಿ ಹೊಡೆಯುತ್ತಾರೆ. ಮೊದಲ ಐದು ಸಲವೂ ಚಿನ್ನ ಗೆದ್ದದ್ದು ಬ್ರೆಜಿಲ್, 2024ರಲ್ಲಿ ಅದು ಫ್ರಾನ್ಸ್ ಪಾಲಾಯಿತು. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ತಂಡಕ್ಕೆ ನಾಲ್ವರು ಅಂಧ ಆಟಗಾರರು, ಜೊತೆಗೆ ಕಣ್ಣು ಕಾಣುವ ಗೋಲ್‌ಕೀಪರ್. ಕೆಲವರಿಗೆ ಬೆಳಕಿನ ಸುಳಿವಷ್ಟೇ ಇರುತ್ತದೆ, ಕೆಲವರಿಗೆ ಅದೂ ಇರುವುದಿಲ್ಲ. ಆದ್ದರಿಂದ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ.

ಚೆಂಡಿನೊಳಗೆ ಸದ್ದು ಮಾಡುವ ಗೆಜ್ಜೆಯಂಥ ಬಿಲ್ಲೆಗಳಿರುತ್ತವೆ. ಅಂಥ ಚೆಂಡು ಸಿಗುವವರೆಗೆ ಮಾಮೂಲಿ ಚೆಂಡನ್ನು ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಆಡಬಹುದು, ಉರುಳುವಾಗ ಅದು ಸರಸರ ಎನ್ನುತ್ತದೆ. ಯಾವ ಚೆಂಡಾದರೂ ನಿಂತರೆ ಮೂಕ. ಹೊಸಬರು ಚೆಂಡು ಕಳೆದುಕೊಳ್ಳುವುದು ಅದು ದೂರ ಹೋದಾಗಲ್ಲ, ಕಾಲ ಬುಡದಲ್ಲೇ ನಿಂತಾಗ. ಅದಕ್ಕೇ ಮೊದಲ ಪಾಠ ಎರಡು ಪಾದಗಳ ಒಳಬದಿಯ ನಡುವೆ ಚೆಂಡನ್ನು ಟಪ್ ಟಪ್ ಎಂದು ಆಡಿಸುತ್ತಾ ಮುಂದೆ ಸಾಗುವುದು. ಸದ್ದು ಉಳಿಯುತ್ತದೆ, ಚೆಂಡೂ ಉಳಿಯುತ್ತದೆ.

ಎರಡನೆಯ ಪಾಠ ‘ವಾಯ್’. ‘ಬರುತ್ತಿದ್ದೇನೆ’ ಎಂಬರ್ಥದ ಸ್ಪ್ಯಾನಿಷ್ ಪದ ಇದು. ಚೆಂಡಿನತ್ತ ಹೋಗುವ ಪ್ರತಿಯೊಬ್ಬ ಆಟಗಾರನೂ ಇದನ್ನು ಜೋರಾಗಿ ಕೂಗಬೇಕು, ಕೂಗದಿದ್ದರೆ ಫೌಲ್. ಎದುರಿಗಿರುವವನಿಗೆ ಯಾರೋ ಬರುತ್ತಿದ್ದಾರೆಂದು ತಿಳಿಯಲು ಇರುವುದು ಈ ಕೂಗು ಮಾತ್ರ. ಬಾಯಿಗೆ ಅಭ್ಯಾಸವಾಗುವವರೆಗೆ ಯಾರನ್ನೂ ಓಡಲು ಬಿಡಬೇಡಿ. ನಮ್ಮ ಹಿರಿಯರು ಇಂದಿಗೂ ನಡೆದೇ ಆಡುತ್ತಾರೆ. ನಡಿಗೆ ಆಟದ ನಿಧಾನವೂ ಈ ಆಟದ ಕೂಗೂ ಸೇರಿದ ಈ ಮಿಶ್ರಣ ಯಾವ ನಿಯಮಪುಸ್ತಕದ್ದೂ ಅಲ್ಲ, ಅರವತ್ತರ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ನಾವು ಕಂಡುಕೊಂಡ ದಾರಿ.

ಮೂರನೆಯದು ದಾರಿ ಹೇಳುವ ದನಿಗಳು. ಹಿಂಭಾಗಕ್ಕೆ ಗೋಲ್‌ಕೀಪರ್, ನಡುವಿಗೆ ಕೋಚ್, ಎದುರಾಳಿ ಗೋಲಿನ ಹಿಂದೆ ನಿಂತ ಮಾರ್ಗದರ್ಶಿ: ಅವರವರ ಭಾಗದಲ್ಲಿ ಅವರವರೇ ಮಾತನಾಡಬೇಕು. ಹುಮ್ಮಸ್ಸಿನಲ್ಲಿ ಮೂವರೂ ಒಟ್ಟಿಗೆ ಕೂಗಿದರೆ ಆಟಗಾರ ನಿಂತಲ್ಲೇ ಗರಗರ ತಿರುಗುತ್ತಾನೆ. ನೋಡುವವರು ಗೋಲಾಗುವವರೆಗೆ ಉಸಿರೆತ್ತಬಾರದು. ನಮಗಿರುವ ಇನ್ನೊಂದು ತೊಡಕು ಲೋಕಲ್ ರೈಲು. ಅದು ಹಾದುಹೋಗುವಾಗ ಚೆಂಡಿನ ಸದ್ದು ಪೂರ್ತಿ ಮುಳುಗುತ್ತದೆ. ರೈಲಿನ ಸದ್ದು ಕೇಳಿಸಿದೊಡನೆ ಶಿಳ್ಳೆ ಊದಿ ಆಟ ನಿಲ್ಲಿಸುತ್ತೇವೆ. ನೀವು ಹುಡುಕುವಾಗ ಹಳಿಯಿಂದ, ಹೆದ್ದಾರಿಯಿಂದ ದೂರದ ಜಾಗ ಸಿಕ್ಕಿದರೆ ಬಿಡಬೇಡಿ.

ನಿಜವಾದ ಅಂಕಣದಲ್ಲಿ ಎರಡೂ ಪಕ್ಕದಲ್ಲಿ ಮೀಟರಿಗೂ ಮಿಕ್ಕಿದ ಎತ್ತರದ ಹಲಗೆಗಳಿರುತ್ತವೆ. ಚೆಂಡು ಅದಕ್ಕೆ ಬಡಿದು ಮರಳುತ್ತದೆ, ಆಟಗಾರ ಅದನ್ನು ಮುಟ್ಟಿ ತಾನೆಲ್ಲಿದ್ದೇನೆಂದು ತಿಳಿಯುತ್ತಾನೆ. ಬಾಡಿಗೆ ಟರ್ಫ್‌ನಲ್ಲಿ ಬಲೆ ಮಾತ್ರ, ಅದರಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ನಾವು ಕಣ್ಣು ಕಾಣುವವರನ್ನು ಎರಡೂ ಪಕ್ಕ ಸಾಲಾಗಿ ನಿಲ್ಲಿಸುತ್ತೇವೆ. ಚೆಂಡು ಬಂದರೆ ಒಳಗೆ ತಳ್ಳುತ್ತಾರೆ, ಆಟಗಾರ ಬಂದರೆ “ಗೆರೆ” ಎಂದು ಕೂಗಿ ಅಂಗೈಯಿಂದ ಮೆಲ್ಲಗೆ ತಡೆಯುತ್ತಾರೆ. ಅಂಕಣದ ಅಂಚಿನಲ್ಲಿ ಚೀಲ, ನೀರಿನ ಬಾಟಲಿ, ಕುರ್ಚಿ ಏನೂ ಇರಕೂಡದು. ತಲೆಗೆ ಮೆತ್ತನೆಯ ಪಟ್ಟಿ ಕಟ್ಟಿಸಿ.

ಕಳೆದ ತಿಂಗಳು ಗ್ಲಾಕೋಮಾ ಇರುವ ಅಣ್ಣ ಮೊದಲ ಬಾರಿ ಪೆನಾಲ್ಟಿ ಒದೆಯಲು ನಿಂತರು. ಗೋಲಿನಿಂದ ಆರು ಮೀಟರ್ ದೂರ. ಮಾರ್ಗದರ್ಶಿ ಗೋಲಿನ ಹಿಂದಿನಿಂದ ಕಬ್ಬಿಣದ ಸರಳಿನಿಂದ ಎಡಗಂಬಕ್ಕೆ ಎರಡು ಸಲ, ಬಲಗಂಬಕ್ಕೆ ಎರಡು ಸಲ ಬಡಿದರು. ಈ ಎರಡು ಸದ್ದುಗಳ ನಡುವಿನ ಅಂತರವೇ ಗೋಲಿನ ಅಗಲ. “ಇನ್ನೊಮ್ಮೆ ಬಡಿಯಿರಿ” ಎಂದರು. ಅಷ್ಟರಲ್ಲಿ ರೈಲು ಬಂತು. ಅವರು ಚೆಂಡಿನ ಮೇಲೆ ಪಾದವಿಟ್ಟು, ತಲೆ ತಗ್ಗಿಸಿ ಕಾದರು. ರೈಲು ಹೋಯಿತು, ಮತ್ತೆ ನಾಲ್ಕು ಸಲ ಟಣ್ ಟಣ್. ಒದ್ದರು. ಠಣ್ ಎಂಬ ಸದ್ದು ಬಂತು, ಚೆಂಡು ಹೊರಗೆ ಹೋಯಿತು. ನಾವು ಬಾಯಿ ತೆರೆಯುವ ಮೊದಲೇ “ಬಲಗಂಬ, ಅಲ್ಲವಾ?” ಎಂದರು. ಚೆಂಡನ್ನು ತರಿಸಿಕೊಂಡು, ಎಡಗಾಲನ್ನು ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ಇಟ್ಟು, ಮತ್ತೆ ಬಡಿಯಲು ಹೇಳಿದರು.